ಗೇಟಿನ ಹೊರಗೆ ಕಳೆದುಹೋಗುವ ಚಾಲಕರು

ಕೋಲಾರ ತಾಲ್ಲೂಕಿನ ಕ್ಯಾಲನೂರಿನಂಥ ಊರಲ್ಲಿ ನಾಲ್ಕೈದು ಲಾರಿ ಇಟ್ಟುಕೊಂಡವರನ್ನು ಮಾತಿಗೆಳೆದರೆ ಡೀಸೆಲ್ ದರ, ಟೋಲು, ಟೈರು ಎಲ್ಲವೂ ಬರುತ್ತವೆ. ಆದರೆ ಮಾತು ಕೊನೆಗೆ ಬಂದು ನಿಲ್ಲುವುದು ಡ್ರೈವರ್ ಸಿಗುತ್ತಿಲ್ಲ ಎಂಬ ಕಡೆಗೇ. ದೇಶದಲ್ಲಿ 22 ಲಕ್ಷ ತರಬೇತಾದ ಚಾಲಕರ ಕೊರತೆ ಇದೆ ಎಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ 2025ರಲ್ಲಿ ಹೇಳಿದರು. ಆ ದೊಡ್ಡ ಸಂಖ್ಯೆ ಹಾಗಿರಲಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಹೆವಿ ಲೈಸೆನ್ಸ್ ಇದ್ದೂ ಸ್ಟೀರಿಂಗ್ ಮುಟ್ಟದವರು ಇದ್ದಾರೆ. ಕೆಲವರು ನರಸಾಪುರ, ವೇಮಗಲ್ ಕಾರ್ಖಾನೆಗಳಲ್ಲಿ ಪಾಳಿಯಲ್ಲಿದ್ದಾರೆ, ಕೆಲವರು ಬೆಂಗಳೂರಲ್ಲಿ ಕ್ಯಾಬ್ ಓಡಿಸುತ್ತಾರೆ, ಇನ್ನು ಕೆಲವರು ಸಾಲ ಮಾಡಿ ಒಂದು ಟಾಟಾ ಏಸ್ ಕೊಂಡು ಊರ ಸುತ್ತಲೇ ಬಾಡಿಗೆ ಹೊಡೆಯುತ್ತಾರೆ. ಕೆಲಸ ಬಲ್ಲವರೇ ಆ ಕೆಲಸ ಬಿಟ್ಟು ಹೋಗುತ್ತಿದ್ದಾರೆ. ಏಕೆ ಎಂದು ಹುಡುಕಿದರೆ ಸಂಬಳದಷ್ಟೇ ದೊಡ್ಡ ಕಾರಣವಾಗಿ ಎದುರಾಗುವುದು ಕಾಯುವಿಕೆ. ಲಾರಿ ಓಡದೆ ನಿಂತ ಆ ಹೊತ್ತಿನ ಬೆಲೆಯನ್ನು ಯಾರು ಕೊಡುತ್ತಿದ್ದಾರೆ ಎಂಬುದನ್ನು ಬಿಡಿಸಿ ನೋಡದೆ ಚಾಲಕರ ಕೊರತೆ ಅರ್ಥವಾಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಜಿಲ್ಲೆಯ ಸರಕಿಗೆ ಎರಡು ಮುಖ. ಒಂದು ಕಡೆ ಕೋಲಾರ ಎಪಿಎಂಸಿಯ ಟೊಮೆಟೊ, ಶ್ರೀನಿವಾಸಪುರದ ಮಾವು. ಇನ್ನೊಂದು ಕಡೆ ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳ ಬಿಡಿಭಾಗ, ಸ್ಕೂಟರು, ಎಲೆಕ್ಟ್ರಾನಿಕ್ ಸಾಮಾನು. ಎರಡು ಕಡೆಯೂ ಲಾರಿ ಕಾಯುತ್ತದೆ, ಕಾಯುವ ಬಗೆ ಮಾತ್ರ ಬೇರೆ.

ಟೊಮೆಟೊ ಮಂಡಿಯಲ್ಲಿ ಬೆಳಗ್ಗೆ ಹರಾಜಾಗಬೇಕು, ಆಮೇಲೆ ಹಣ್ಣು ಆರಿಸಬೇಕು, ಹದಿನೈದು ಕೆ.ಜಿ.ಯ ಬಾಕ್ಸಿಗೆ ತುಂಬಬೇಕು, ಹಮಾಲರು ಲೋಡ್ ಮಾಡಬೇಕು. ಇಷ್ಟಾಗುವ ಹೊತ್ತಿಗೆ ಸಂಜೆಯಾಗುತ್ತದೆ. ಆದರೆ ಲಾರಿಗೆ ಫೋನು ಬರುವುದು ಬೆಳಗ್ಗೆಯೇ. ಗಾಡಿ ಕೈಯಲ್ಲಿರಲಿ ಎಂದು ಮಂಡಿಯವರೋ ಬ್ರೋಕರೋ ಮುಂಚೆಯೇ ಕರೆಸಿ ನಿಲ್ಲಿಸಿಕೊಳ್ಳುತ್ತಾರೆ, ಅದಕ್ಕೆ ಅವರಿಗೆ ಖರ್ಚೇನೂ ಇಲ್ಲ. ಹಗಲೆಲ್ಲ ಬಿಸಿಲಲ್ಲಿ ಕ್ಯಾಬಿನ್ನಿನಲ್ಲಿ ಕೂತವನು ರಾತ್ರಿ ಹೊರಟು, ಕತ್ತಲು ಹರಿಯುವುದರೊಳಗೆ ಹಣ್ಣನ್ನು ಚೆನ್ನೈನ ಕೊಯಂಬೇಡು ಮಾರುಕಟ್ಟೆಗೆ ತಲುಪಿಸಬೇಕು. ದೆಹಲಿಯ ಆಜಾದ್‌ಪುರದ ಲೋಡಾದರೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದಾರಿ. ಹಣ್ಣು ಕೊಳೆಯುವ ಸರಕು, ಆದ್ದರಿಂದ ಇಷ್ಟು ಹೊತ್ತಿಗೆ ಮುಟ್ಟಬೇಕೆಂಬ ಕರಾರು ಇರುತ್ತದೆ; ತಡವಾದರೆ ಬಾಡಿಗೆಯಲ್ಲಿ ಕಡಿತ. 2023ರ ಜುಲೈನಲ್ಲಿ ಕೋಲಾರದಲ್ಲಿ ಒಂದು ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಏಳು ನೂರು ಬಾಕ್ಸ್ ಹೊತ್ತ ಒಂದು ಲಾರಿಯಲ್ಲಿ ಹದಿನಾಲ್ಕು ಲಕ್ಷ ರೂಪಾಯಿಯ ಹಣ್ಣು. ಅಂಥ ಸರಕನ್ನು ಒಪ್ಪಿಸುತ್ತಿರುವುದು ಹಗಲಿಡೀ ನಿದ್ದೆಗೆಟ್ಟ ಮನುಷ್ಯನ ಕೈಗೆ.

ಕಾರ್ಖಾನೆಯ ಗೇಟಿನಲ್ಲಿ ಕಾಯುವಿಕೆ ಇನ್ನೊಂದು ತರಹದ್ದು. ಅಲ್ಲಿ ಎಲ್ಲವೂ ಹೊತ್ತಿನ ಪ್ರಕಾರ. ಸರಕು ಇಂತಿಷ್ಟು ಗಂಟೆಗೆ ಒಳಗೆ ಬರಬೇಕು, ಬರದಿದ್ದರೆ ಲೈನ್ ನಿಲ್ಲುತ್ತದೆ, ಸರಬರಾಜುದಾರನಿಗೆ ದಂಡ ಬೀಳುತ್ತದೆ. ದಂಡಕ್ಕೆ ಹೆದರಿ ಆತ ಲಾರಿಯನ್ನು ನಾಲ್ಕೈದು ಗಂಟೆ ಮುಂಚೆಯೇ ಕಳಿಸುತ್ತಾನೆ. ಎಲ್ಲರೂ ಹೀಗೆ ಮಾಡಿದ ಮೇಲೆ ಗೇಟಿನ ಹೊರಗೆ ಸಾಲು ಬೆಳೆಯುತ್ತದೆ. ಕಾರ್ಖಾನೆಯ ಗೋದಾಮಿನಲ್ಲಿ ಇರಬೇಕಾದ ದಾಸ್ತಾನು ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಚಕ್ರದ ಮೇಲೆ ನಿಂತಿರುತ್ತದೆ, ಅದಕ್ಕೆ ಕಾವಲು ಚಾಲಕ. ಟೋಕನ್ ನಂಬರ್ ಯಾವಾಗ ಕೂಗುತ್ತಾರೋ ಗೊತ್ತಿಲ್ಲದ್ದರಿಂದ ಮಲಗುವ ಹಾಗಿಲ್ಲ, ಗಾಡಿ ಬಿಟ್ಟು ಊಟಕ್ಕೆ ಹೋಗುವ ಹಾಗಿಲ್ಲ. ಬಹಳಷ್ಟು ಕಡೆ ಹೊರಗೆ ಕಾಯುವವರಿಗೆ ಶೌಚಾಲಯವೂ ಇರುವುದಿಲ್ಲ. ಓನರಿಗೆ ಅವನು ಮಾಡುವ ಫೋನಿನಲ್ಲಿ ಒಂದೇ ಮಾತು: "ಅಣ್ಣಾ, ಇನ್ನೂ ಒಳಕ್ಕೆ ಬಿಟ್ಟಿಲ್ಲ." ಓನರ್ ಏನು ಹೇಳಿಯಾನು? ಇರಪ್ಪಾ, ನೋಡೋಣ ಎನ್ನುತ್ತಾನೆ. ಮೂರನೆಯ ಸಲ ಅದೇ ಫೋನು ಬಂದಾಗ ಇಬ್ಬರ ದನಿಯೂ ಬದಲಾಗಿರುತ್ತದೆ.

ಕಾಯುವುದರಿಂದ ಕಾಗದಪತ್ರವೂ ಕೆಡುತ್ತದೆ. ಇ-ವೇ ಬಿಲ್ಲಿಗೆ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕದಲ್ಲಿ ಅವಧಿ. ನರಸಾಪುರದಿಂದ ಚೆನ್ನೈ ಸುಮಾರು 290 ಕಿಲೋಮೀಟರ್, ಅಂದರೆ ಎರಡು ದಿನ. ಇಳಿಸುವ ಕಡೆ ಸಾಲಿನಲ್ಲೇ ಅವಧಿ ಮುಗಿದರೆ, ಮುಗಿಯುವ ಎಂಟು ಗಂಟೆ ಮುಂಚೆಯಿಂದ ಮುಗಿದ ಎಂಟು ಗಂಟೆಯೊಳಗೆ ಅದನ್ನು ವಿಸ್ತರಿಸಿಕೊಳ್ಳಬೇಕು. ಮರೆತರೆ, ದಾರಿಯಲ್ಲಿ ತಪಾಸಣೆಯಾದಾಗ ಉತ್ತರ ಹೇಳಬೇಕಾದವನು ಮತ್ತೆ ಚಾಲಕನೇ.

ಮಾವಿನ ಕಾಲದಲ್ಲಿ ಕಾಯುವುದು ಎಲ್ಲಿಗೆ ಮುಟ್ಟಬಹುದೆಂದು 2025ರ ಜೂನ್ ತೋರಿಸಿತು. ಶ್ರೀನಿವಾಸಪುರದ ತೋತಾಪುರಿ ಹಣ್ಣಿಗೆ ಚಿತ್ತೂರಿನ ಪಲ್ಪ್ ಕಾರ್ಖಾನೆಗಳೇ ಆಧಾರ. ಆ ವರ್ಷ ಫಸಲು ಹೆಚ್ಚಾಗಿ ಬೆಲೆ ಕುಸಿದಿತ್ತು. ಜೂನ್ ಮೊದಲ ವಾರದಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರ ರಾಜ್ಯದ ತೋತಾಪುರಿ ಬರಬಾರದೆಂದು ಆದೇಶಿಸಿತು, ಗಡಿಯಲ್ಲಿ ಗಾಡಿಗಳನ್ನು ತಡೆದರು. ಮುಖ್ಯಮಂತ್ರಿ ಸಿದ್ದರಾಮಯ್ಯ ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆದರು, ಶ್ರೀನಿವಾಸಪುರದಲ್ಲಿ ಬಂದ್ ಆಯಿತು. ಆಂಧ್ರದೊಳಗೂ ಪಲ್ಪ್ ಕಾರ್ಖಾನೆಗಳ ಮುಂದೆ ಟ್ರ್ಯಾಕ್ಟರು, ಲಾರಿಗಳು ದಿನಗಟ್ಟಲೆ ಸಾಲು ನಿಂತಿದ್ದವು. ಇಂಥ ಹೊತ್ತಿನಲ್ಲಿ ಕಾದದ್ದಕ್ಕೆ ಹಣ ಯಾರನ್ನು ಕೇಳುವುದು? ರೈತನೇ ನಷ್ಟದಲ್ಲಿದ್ದಾನೆ. ಮುಂದೆ ಹೇಳುವ ಯಾವ ಉಪಾಯಕ್ಕೂ ಇಂಥ ದಿನಗಳಲ್ಲಿ ಬಲ ಇರುವುದಿಲ್ಲ, ಅದನ್ನು ಮೊದಲೇ ಒಪ್ಪಿಕೊಳ್ಳಬೇಕು.

ಗಡಿಯ ಕಾಯುವಿಕೆ ಮಾತ್ರ ಒಂದಿಷ್ಟು ಕರಗಿದೆ. ಮುಳಬಾಗಿಲು ದಾಟಿದ ಮೇಲೆ ಸಿಗುವ ನಂಗಲಿಯಂಥ ಕಡೆಗಳಲ್ಲಿ ವಾಣಿಜ್ಯ ತೆರಿಗೆ ತಪಾಸಣೆಗೆ ನಿಲ್ಲಬೇಕಿದ್ದ ಕಾಲ 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಮುಗಿಯಿತು. ಆರ್‌ಟಿಒ ತಪಾಸಣಾ ಠಾಣೆಗಳನ್ನೂ ತೆಗೆಯಬೇಕೆಂಬುದು 2025ರ ಏಪ್ರಿಲ್‌ನಲ್ಲಿ ಕರ್ನಾಟಕದ ಲಾರಿ ಮಾಲೀಕರು ಮುಷ್ಕರ ಹೂಡಿದಾಗ ಇಟ್ಟ ಬೇಡಿಕೆಗಳಲ್ಲಿ ಒಂದಾಗಿತ್ತು. ಹೊಸಕೋಟೆಯಿಂದ ಮಾಲೂರು ಮೇಲೆ ಬೇತಮಂಗಲದ ಕಡೆಗೆ ಹೋಗುವ ಚೆನ್ನೈ ಎಕ್ಸ್‌ಪ್ರೆಸ್‌ವೇಯ ನಮ್ಮ ಭಾಗವೂ ಸಿದ್ಧವಾಗಿದೆ. ರಸ್ತೆಯಲ್ಲಿ ಹೊತ್ತು ಉಳಿಯುತ್ತಿದೆ. ಹೀಗೆ ಉಳಿದ ಹೊತ್ತು ಗೇಟಿನ ಮುಂದೆ ಕರಗಿದರೆ ಲಾಭ ಯಾರಿಗೂ ಇಲ್ಲ.

ಈಗ ಒಂದು ಲೆಕ್ಕ ಹಾಕೋಣ. ಮೊತ್ತಗಳು ಉದಾಹರಣೆಗೆ ಇಟ್ಟುಕೊಂಡವು, ಓದುವ ಮಾಲೀಕರು ತಮ್ಮ ಅಂಕಿ ಹಾಕಿಕೊಳ್ಳಲಿ. ಕ್ಯಾಲನೂರಿನ ಒಬ್ಬರ ಹತ್ತಿರ ಆರು ಲಾರಿ ಇವೆ, ನರಸಾಪುರ-ಚೆನ್ನೈ ನಡುವೆ ಓಡುತ್ತವೆ. ಹೋಗಲು ಏಳೆಂಟು ಗಂಟೆ, ಬರಲು ಅಷ್ಟೇ. ಎರಡೂ ಕಡೆ ಎರಡು ಮೂರು ಗಂಟೆಯಲ್ಲಿ ತುಂಬಿ ಇಳಿಸಿದರೆ ನಿದ್ದೆ ಸೇರಿಸಿಕೊಂಡು ಎರಡು ದಿನಕ್ಕೆ ಒಂದು ಟ್ರಿಪ್ ಮುಗಿಯುತ್ತದೆ. ತಿಂಗಳಿಗೆ 24 ದಿನ ಓಡಿದರೆ ಒಂದು ಗಾಡಿಗೆ 12 ಟ್ರಿಪ್, ಆರು ಗಾಡಿಗೆ 72. ಎರಡು ಗೇಟಿನಲ್ಲೂ ಅರ್ಧರ್ಧ ದಿನ ಹೆಚ್ಚು ಕಾದರೆ ಒಂದು ಟ್ರಿಪ್ಪಿಗೆ ಮೂರು ದಿನವಾಯಿತು. ಆಗ ಗಾಡಿಗೆ ಎಂಟೇ ಟ್ರಿಪ್. ಅದೇ 72 ಟ್ರಿಪ್ ಮುಟ್ಟಿಸಲು ಒಂಬತ್ತು ಲಾರಿ, ಒಂಬತ್ತು ಚಾಲಕರು ಬೇಕು. ಮೂವರು ಡ್ರೈವರ್ ಕಡಿಮೆ ಬಿದ್ದಿದ್ದಾರೆ ಎಂದು ಮಾಲೀಕರು ಊರೂರು ಹುಡುಕುತ್ತಾರಲ್ಲ, ಆ ಮೂವರನ್ನು ನುಂಗಿದ್ದು ಗೇಟು.

ಚಾಲಕನ ಕಡೆಯಿಂದ ಇದೇ ಲೆಕ್ಕ ಇನ್ನೂ ಕಹಿ. ಟ್ರಿಪ್ಪಿಗೆ 2,000 ರೂಪಾಯಿ ಎಂದು ಮಾತಾಗಿದ್ದರೆ 24,000 ಸಿಗಬೇಕಾದ ತಿಂಗಳಲ್ಲಿ 16,000 ಸಿಗುತ್ತದೆ. ಮನೆಯಿಂದ ಹೊರಗಿದ್ದ ದಿನಗಳು ಮಾತ್ರ ಅಷ್ಟೇ. ದಾರಿಖರ್ಚಿನ ಬಾಟಾ ಕಾದ ದಿನಗಳಲ್ಲಿ ಊಟ, ಟೀ, ಸ್ನಾನಕ್ಕೆ ಸಂದುಹೋಗುತ್ತದೆ. ಮಾಲೀಕರಿಗೂ ಪೆಟ್ಟೇ: ತಿಂಗಳ ಕಂತು 48,000 ಇದ್ದರೆ 12 ಟ್ರಿಪ್ಪಿನಲ್ಲಿ ಒಂದೊಂದಕ್ಕೆ 4,000 ಬೀಳುತ್ತಿದ್ದದ್ದು ಎಂಟರಲ್ಲಿ 6,000 ಆಗುತ್ತದೆ. ಕಾಯಿಸಿದವನಿಗೆ ಮಾತ್ರ ಏನೂ ತಗಲುವುದಿಲ್ಲ. ತಡವಾಗಿ ಬಂದ ಲಾರಿಗೆ ದಂಡ ಇದೆ, ಲಾರಿಯನ್ನು ತಡೆದು ನಿಲ್ಲಿಸಿದವರಿಗೆ ಇಲ್ಲ. ರೋಗದ ಮೂಲ ಇದೇ.

ಕಾನೂನೂ ಈ ಹೊತ್ತನ್ನು ಕಂಡೂ ಕಾಣದಂತೆ ಬಿಟ್ಟಿತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತು, ದೂರದ ಮಾರ್ಗಕ್ಕೆ ಒಂದಿಷ್ಟು ಸಡಿಲಿಸಿತು. ಆದರೆ ಕೆಲಸದ ಗಂಟೆ ಎಂದರೆ ಏನೆಂದು ವಿವರಿಸುವಾಗ, ಟರ್ಮಿನಲ್‌ಗಳಲ್ಲಿ ಸುಮ್ಮನೆ ಹಾಜರಿರುವ ಹೊತ್ತು ಹದಿನೈದು ನಿಮಿಷಕ್ಕಿಂತ ಕಡಿಮೆ ಇದ್ದರೆ ಅದನ್ನೂ ಸೇರಿಸಿಕೊಳ್ಳಬೇಕು ಎಂದಿತು. ಗಂಟೆಗಟ್ಟಲೆ ಕಾದವನ ಪಾಡೇನು ಎಂಬುದಕ್ಕೆ ಅಲ್ಲಿ ನೇರ ಉತ್ತರವಿರಲಿಲ್ಲ. ಐವರಿಗಿಂತ ಕಡಿಮೆ ಕೆಲಸಗಾರರಿದ್ದ ಸಂಸ್ಥೆಗೆ ಆ ಕಾಯ್ದೆ ತಾನಾಗಿ ಅನ್ವಯಿಸುತ್ತಲೂ ಇರಲಿಲ್ಲ, ಹಾಗಾಗಿ ಒಂದೆರಡು ಲಾರಿಯವರು ಅದರ ಹೊರಗೇ ಉಳಿದರು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆ ಅದರ ಜಾಗಕ್ಕೆ ಬಂದಿದೆ. ಜಪಾನಿನವರು ಬೇರೆ ದಾರಿ ಹಿಡಿದರು. ಅಲ್ಲಿ 2024ರ ಏಪ್ರಿಲ್‌ನಿಂದ ಚಾಲಕರ ಓವರ್‌ಟೈಮ್ ವರ್ಷಕ್ಕೆ 960 ಗಂಟೆ ಮೀರುವಂತಿಲ್ಲ. ಜೊತೆಗೆ ಕಾಯುವುದು, ತುಂಬುವುದು, ಇಳಿಸುವುದು ಎಲ್ಲ ಎರಡು ಗಂಟೆಯೊಳಗೆ ಮುಗಿಯಬೇಕೆಂಬ ಗುರಿಯನ್ನು ಸರಕಿನ ಮಾಲೀಕರ ಮುಂದೆ ಇಟ್ಟರು. ಅಮೆರಿಕದ ಸಾರಿಗೆ ಇಲಾಖೆಯ ಲೆಕ್ಕಪರಿಶೋಧಕರು 2018ರಲ್ಲಿ ಕಂಡುಕೊಂಡದ್ದು ಇನ್ನೂ ಗಂಭೀರ: ಲೋಡಿಂಗ್ ಜಾಗದಲ್ಲಿ ಸರಾಸರಿ ಹದಿನೈದು ನಿಮಿಷ ಹೆಚ್ಚು ನಿಂತರೆ ಅಪಘಾತದ ಸಂಭವ ಶೇ 6.2ರಷ್ಟು ಏರುತ್ತದೆ. ಕಳೆದ ಹೊತ್ತನ್ನು ಚಾಲಕ ರಸ್ತೆಯ ಮೇಲೆ ಹಿಂದಕ್ಕೆ ಗಳಿಸಲು ಹೊರಡುತ್ತಾನೆ. ನಂಗಲಿ ದಾಟಿ ಪಲಮನೇರಿನ ಘಾಟಿ ಇಳಿಯುವವನಿಗೂ ಇದೇ ಮಾತು.

ಹೊಸಬರು ಏಕೆ ಬರುತ್ತಿಲ್ಲ ಎಂಬುದಕ್ಕೆ ಇನ್ನೊಂದು ಎಳೆ ಇದೆ, ಅದು ಕ್ಲೀನರ್‌ನದು. ಹಿಂದೆ ಡ್ರೈವಿಂಗ್ ಕಲಿಯುತ್ತಿದ್ದದ್ದು ಲಾರಿಯಲ್ಲೇ. ಹುಡುಗ ಕ್ಲೀನರ್ ಆಗಿ ಸೇರಿ, ಟಾರ್ಪಾಲು ಕಟ್ಟಿ, ಟೈರಿನ ಗಾಳಿ ನೋಡಿ, ರಿವರ್ಸಿಗೆ ಸೈಡ್ ಹೇಳಿ, ಹೆದ್ದಾರಿ ಖಾಲಿ ಇದ್ದಾಗ ಉಸ್ತಾದನ ಪಕ್ಕ ಕೂತು ಸ್ಟೀರಿಂಗ್ ಹಿಡಿಯುತ್ತಿದ್ದ. ಬಾಡಿಗೆ ಸೊರಗಿದಂತೆ ಮಾಲೀಕರು ಮೊದಲು ಕಡಿದದ್ದು ಕ್ಲೀನರ್ ಸಂಬಳವನ್ನು. ಈಗ ಚೆನ್ನೈಗೆ ಬಹುತೇಕ ಗಾಡಿಗಳು ಒಬ್ಬನೇ ಡ್ರೈವರ್ ಮೇಲೆ ಹೋಗುತ್ತವೆ. ಸರಕು ವಾಹನದ ಲೈಸೆನ್ಸಿಗೆ 20 ವರ್ಷ ತುಂಬಿರಬೇಕು, ಲಘು ವಾಹನದ ಲೈಸೆನ್ಸ್ ಸಿಕ್ಕಿ ಒಂದು ವರ್ಷ ಆಗಿರಬೇಕು. ಕಾರ್ಖಾನೆ ಹದಿನೆಂಟಕ್ಕೇ ಬಾಗಿಲು ತೆರೆಯುತ್ತದೆ. ಪಿಎಫ್, ಇಎಸ್‌ಐ, ಬಂದು ಹೋಗಲು ಬಸ್ಸು, ರಾತ್ರಿ ಮನೆಯ ನಿದ್ದೆ. ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮವನ್ನು ಕೇಂದ್ರ 2019ರಲ್ಲಿ ತೆಗೆದುಹಾಕಿದರೂ ಈ ಎರಡು ವರ್ಷದ ಕಂದಕ ಉಳಿದೇ ಇದೆ. ಸೇವ್‌ಲೈಫ್ ಫೌಂಡೇಶನ್ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 84ರಷ್ಟು ಚಾಲಕರು ತಮ್ಮವರಿಗೆ ಈ ಕೆಲಸ ಬೇಡ ಎಂದಿದ್ದರು. ಅಪ್ಪನೇ ಬೇಡವೆಂದ ಮೇಲೆ ಮಗ ಬರುವುದೆಲ್ಲಿಂದ?

ಇನ್ನು, ಇರುವವರನ್ನು ಉಳಿಸಿಕೊಳ್ಳುವ ಬಗೆ. ನಮ್ಮ ಕಡೆ ಎಲ್ಲಕ್ಕಿಂತ ಹಳೆಯದು ಅಡ್ವಾನ್ಸ್. ಮದುವೆಗೋ ಆಸ್ಪತ್ರೆಗೋ ಮಾಲೀಕರು ಕೊಟ್ಟ ಹಣ ತೀರುವ ತನಕ ಚಾಲಕ ಬಿಡಬಾರದು ಎಂಬ ಒಪ್ಪಂದ. ಕಷ್ಟಕ್ಕೆ ಆಗುವುದು ಒಳ್ಳೆಯದೇ. ಆದರೆ ಉಳಿಸಿಕೊಳ್ಳುವ ಉಪಾಯವಾಗಿ ಅದು ಸೋತಿದೆ. ಇನ್ನೊಬ್ಬ ಮಾಲೀಕ ಆ ಸಾಲ ತೀರಿಸಿ ಕರೆದೊಯ್ಯುತ್ತಾನೆ, ಅಥವಾ ಹಬ್ಬಕ್ಕೆ ಊರಿಗೆ ಹೋದವನ ಫೋನು ಸ್ವಿಚ್ ಆಫ್ ಆಗುತ್ತದೆ. ಚಾಲಕ ಇದ್ದಕ್ಕಿದ್ದಂತೆ ದೊಡ್ಡ ಅಡ್ವಾನ್ಸ್ ಕೇಳಿದರೆ, ಇಲ್ಲವೇ ಇಂಥ ಒಂದು ಕಂಪನಿಯ ಲೋಡಿಗೆ ಮಾತ್ರ ಹೋಗುವುದಿಲ್ಲ ಎಂದರೆ, ಅವನು ಹೊರಡುವ ಯೋಚನೆಯಲ್ಲಿದ್ದಾನೆ ಎಂದೇ ತಿಳಿಯಬೇಕು. ಎರಡನೆಯದು ಹೆಚ್ಚು ಉಪಯುಕ್ತ ಸೂಚನೆ, ಏಕೆಂದರೆ ಯಾವ ಗೇಟು ಅವನನ್ನು ಸುಸ್ತುಮಾಡಿದೆ ಎಂಬುದನ್ನು ಅದು ಹೇಳುತ್ತದೆ.

ಡೀಸೆಲ್ ಉಳಿತಾಯದ ಲೆಕ್ಕವೂ ಚಾಲ್ತಿಯಲ್ಲಿದೆ. ಟ್ರಿಪ್ಪಿಗೆ ಇಷ್ಟು ಲೀಟರ್ ಎಂದು ಕೊಟ್ಟು, ಉಳಿದದ್ದು ಚಾಲಕನಿಗೆ. ಗಾಡಿ ನೆಟ್ಟಗೆ ಓಡುವ ಮಾರ್ಗದಲ್ಲಿ ಇದು ಇಬ್ಬರಿಗೂ ಒಳ್ಳೆಯದು. ಸಾಲಿನಲ್ಲಿ ಇಂಚಿಂಚು ಸರಿಯುವ ಕಡೆ ಇಂಜಿನ್ ಸುಮ್ಮನೆ ಉರಿದು, ಕಾಯಿಸಿದವನ ತಪ್ಪು ಚಾಲಕನ ಜೇಬಿಗೆ ಬರುತ್ತದೆ. ಗೇಟಿನ ಹೊತ್ತಿಗೆ ಬೇರೆ ಲೀಟರ್ ಕೊಡದೆ ಈ ಪದ್ಧತಿ ನ್ಯಾಯವಾಗುವುದಿಲ್ಲ.

ನನ್ನ ಮಟ್ಟಿಗೆ ಮೊದಲ ಜಾಗ ಹಾಲ್ಟಿಂಗ್ ಹಣಕ್ಕೆ. ಇದನ್ನು ಬಾಯಿಮಾತಿನಲ್ಲಿ ಎಲ್ಲರೂ ಒಪ್ಪುತ್ತಾರೆ, ಬಿಲ್ಲಿನಲ್ಲಿ ಯಾರೂ ಕೊಡುವುದಿಲ್ಲ. ಕಾರಣ, ಪುರಾವೆ ಇರುವುದಿಲ್ಲ. ಟ್ರಿಪ್ ಶೀಟಿನಲ್ಲಿ ಹೊರಟ ಕಿಲೋಮೀಟರ್, ಮುಟ್ಟಿದ ಕಿಲೋಮೀಟರ್, ಡೀಸೆಲ್, ಟೋಲ್, ಖರ್ಚು ಇವಕ್ಕೆ ಕಾಲಂ ಇದೆ. ಅದರ ಪಕ್ಕ ನಾಲ್ಕು ಕಾಲಂ ಗೀಚಿಕೊಳ್ಳಬೇಕು: ಗೇಟಿಗೆ ಬಂದ ಗಂಟೆ, ಒಳಗೆ ಬಿಟ್ಟ ಗಂಟೆ, ಕೆಲಸ ಮುಗಿದ ಗಂಟೆ, ಹೊರಗೆ ಬಂದ ಗಂಟೆ. ಗೇಟಿನ ಸೆಕ್ಯುರಿಟಿಯವರಿಂದ ಎಲ್‌ಆರ್ ಮೇಲೆ ಬಂದ ಹೊತ್ತಿನ ಸೀಲು ಹಾಕಿಸಿಕೊಳ್ಳಬೇಕು. ಸೀಲು ಹಾಕಲು ಒಪ್ಪದಿದ್ದರೆ ಗೇಟಿನ ಮುಂದೆ ಗಾಡಿಯ ಫೋಟೊ ತೆಗೆದು ಆಗಲೇ ಆಫೀಸಿನ ವಾಟ್ಸ್‌ಆ್ಯಪ್‌ಗೆ ಕಳಿಸಿದರೂ ಹೊತ್ತು ದಾಖಲಾಗುತ್ತದೆ. ಗಾಡಿಯಲ್ಲಿ ಜಿಪಿಎಸ್ ಇದ್ದರೆ ಅದರ ವರದಿ ಇದಕ್ಕೆ ಒತ್ತಾಸೆ. ಒಂದೆರಡು ತಿಂಗಳ ಹಾಳೆ ಮುಂದಿಟ್ಟುಕೊಂಡರೆ ತಿಳಿಯುವ ಸಂಗತಿ ಎಂದರೆ, ಕಾಯುವುದು ಎಲ್ಲ ಕಡೆ ಸಮನಾಗಿ ಹಂಚಿರುವುದಿಲ್ಲ; ಬಹುಪಾಲು ಒಂದೆರಡು ಗೇಟುಗಳದ್ದೇ ಆಗಿರುತ್ತದೆ. ಆ ಗ್ರಾಹಕರ ಹತ್ತಿರ ಕೂತು ಲೋಡಿಗೆ ಮುಂಚೆಯೇ ಲಿಖಿತ ಮಾತಾಗಬೇಕು: ಇಷ್ಟು ಗಂಟೆ ಉಚಿತ, ಅದರ ಮೇಲೆ ದಿನಕ್ಕೆ ಇಷ್ಟು. ಅಕ್ನಾಲೆಜ್‌ಮೆಂಟ್ ಜೊತೆ ಹಾಲ್ಟಿಂಗ್ ಬಿಲ್ಲೂ ಹೋಗಬೇಕು. ತಿಂಗಳ ನಂತರ ಕಳಿಸಿದ ಬಿಲ್ಲನ್ನು ಯಾವ ಅಕೌಂಟ್ಸ್ ವಿಭಾಗವೂ ತೆರೆದು ನೋಡುವುದಿಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಗ್ರಾಹಕ ಕೊಡಲಿ ಬಿಡಲಿ, ಚಾಲಕನ ಪಾಲು ಆ ಟ್ರಿಪ್ಪಿನ ಲೆಕ್ಕದಲ್ಲೇ ಕೈಗೆ ಬರಬೇಕು. ಮೇಲಿನ ಲೆಕ್ಕದಲ್ಲಿ ಕಾದ ದಿನಕ್ಕೆ 600 ರೂಪಾಯಿ ಎಂದಿಟ್ಟರೆ ಎಂಟು ದಿನಕ್ಕೆ 4,800. ಚಾಲಕನ ತಿಂಗಳು 20,800ಕ್ಕೆ ಬರುತ್ತದೆ. ಮಾಲೀಕರಿಗೆ ಇದು ಕೈಯಿಂದ ಹೋದ ಹಣದಂತೆ ಕಾಣಬಹುದು. ಆದರೆ ಚಾಲಕ ಬಿಟ್ಟು ಹೋಗಿ ಗಾಡಿ ಒಂದು ವಾರ ಮನೆ ಮುಂದೆ ನಿಂತರೆ ಕಂತಿನ ಪಾಲೇ 12,000. ಮೂರು ತಿಂಗಳಿಗೊಮ್ಮೆ ಹೀಗಾದರೆ ತಿಂಗಳಿಗೆ 4,000 ಆಗಿಹೋಯಿತು. ಹೊಸಬ ಗಾಡಿಗೆ ಒಗ್ಗುವ ತನಕ ಹೆಚ್ಚು ಕುಡಿಯುವ ಡೀಸೆಲ್, ಕ್ಲಚ್ ಪ್ಲೇಟು, ಸಣ್ಣಪುಟ್ಟ ತಾಗುಗಳು ಇದರ ಮೇಲೆ. ಗ್ರಾಹಕರಿಂದ ಒಂದು ಪೈಸೆ ಬರದಿದ್ದರೂ ಎರಡೂ ಹೆಚ್ಚುಕಡಿಮೆ ಸಮ. ಅರ್ಧ ಬಂದರೂ ಮಾಲೀಕರು ಗೆದ್ದಂತೆ.

ದೊಡ್ಡ ಸಂಸ್ಥೆಗಳು ಬೇರೆ ಪ್ರಯೋಗ ಮಾಡಿವೆ. 2014ರಲ್ಲಿ ಶುರುವಾದ ರಿವಿಗೊ ಕಂಪನಿ ರಿಲೇ ಪದ್ಧತಿ ತಂದಿತು. ಒಬ್ಬ ಚಾಲಕ ನಾಲ್ಕೈದು ಗಂಟೆ ಓಡಿಸಿ, ನಡುದಾರಿಯಲ್ಲಿ ಗಾಡಿಯನ್ನು ಇನ್ನೊಬ್ಬನಿಗೆ ಒಪ್ಪಿಸಿ, ಎದುರಿಂದ ಬಂದ ಗಾಡಿ ಹತ್ತಿ ಅದೇ ದಿನ ಮನೆ ಸೇರುತ್ತಿದ್ದ. ಮನುಷ್ಯನ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಎರಡೂ ದಿಕ್ಕಿನಿಂದ ಸದಾ ಗಾಡಿ ಬರುತ್ತಿರಬೇಕು, ಮಧ್ಯೆ ಮಧ್ಯೆ ಠಾಣೆಗಳಿರಬೇಕು. ಆ ವೆಚ್ಚ ಸಣ್ಣದಲ್ಲ. 2022ರಲ್ಲಿ ಕಂಪನಿಯ ಎಕ್ಸ್‌ಪ್ರೆಸ್ ವ್ಯವಹಾರವನ್ನು ಮಹೀಂದ್ರ ಲಾಜಿಸ್ಟಿಕ್ಸ್ 225 ಕೋಟಿ ರೂಪಾಯಿಗೆ ಕೊಂಡಿತು. ಆರು ಲಾರಿಯವರಿಗೆ ಅದರ ಪೂರ್ತಿ ನಕಲು ಆಗದು, ತುಣುಕು ಆಗುತ್ತದೆ. ಮಂಡಿಯಲ್ಲೋ ಗೇಟಿನಲ್ಲೋ ಕಾದು ಲೋಡ್ ಮಾಡಿಸಲು ಊರಿನ ಒಬ್ಬ ಚಾಲಕ, ವಯಸ್ಸಾಗಿ ದೂರದ ಓಡಾಟ ಸಾಕಾದವನಾದರೂ ಸರಿ. ಲೋಡಾದ ಗಾಡಿಯನ್ನು ಹಗಲು ಮನೆಯಲ್ಲಿ ಮಲಗಿ ಎದ್ದು ಬಂದವನು ರಾತ್ರಿ ಹಿಡಿಯುತ್ತಾನೆ. ಆರು ಗಾಡಿಗೆ ಇಂಥ ಒಬ್ಬರ ಸಂಬಳ ಹಂಚಿದರೆ ಭಾರವಲ್ಲ. ಲೋಡಿಂಗ್ ಕಡೆ ಕಾಯುವುದಕ್ಕೆ ಮಾತ್ರ ಇದು ಮದ್ದು, ಚೆನ್ನೈನಲ್ಲಿ ಇಳಿಸುವ ಕಡೆಗೆ ಅಲ್ಲ.

ಚಾಲಕರು ಹಣಕ್ಕಿಂತ ಹೆಚ್ಚಾಗಿ ನೆನಪಿಟ್ಟುಕೊಳ್ಳುವುದು ಅಪಘಾತವಾದಾಗ ಮಾಲೀಕ ಬಂದನೇ ಇಲ್ಲವೇ ಎಂಬುದನ್ನು. 2024ರ ಜನವರಿ ಮೊದಲ ದಿನಗಳಲ್ಲಿ ದೇಶದ ಹಲವೆಡೆ ಚಾಲಕರು ಗಾಡಿ ನಿಲ್ಲಿಸಿದ್ದು ಈ ಭಯದಿಂದಲೇ: ಅಪಘಾತ ಮಾಡಿ ತಿಳಿಸದೆ ಹೋದರೆ ಹತ್ತು ವರ್ಷದವರೆಗೆ ಸೆರೆ ಎಂಬ ಭಾರತೀಯ ನ್ಯಾಯ ಸಂಹಿತೆಯ 106(2)ನೇ ಕಲಂ. ಆ ವರ್ಷ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಕಲಮನ್ನು ತಡೆಹಿಡಿದರು. ಠಾಣೆಗೆ ಬರುವ, ವಕೀಲರನ್ನು ನೋಡುವ, ಕೇಸು ನಡೆಯುವಾಗ ಮನೆಗೆ ಹಣ ಕಳಿಸುವ ಮಾಲೀಕನನ್ನು ಚಾಲಕ ಸುಲಭಕ್ಕೆ ಬಿಡುವುದಿಲ್ಲ. ಖಾಸಗಿ ವಾಣಿಜ್ಯ ಸಾರಿಗೆಯ ಚಾಲಕರಿಗೂ ಕ್ಲೀನರ್‌ಗಳಿಗೂ ಕರ್ನಾಟಕ ಸರ್ಕಾರದ ಅಪಘಾತ ಪರಿಹಾರ ಯೋಜನೆ ಇದೆ, ಮೃತಪಟ್ಟರೆ ಕುಟುಂಬಕ್ಕೆ ಐದು ಲಕ್ಷ. ಕಾಗದಪತ್ರ ಹೊಂದಿಸಿಕೊಳ್ಳಲು ಚಾಲಕನಿಗೆ ಬಿಡುವಿರುವುದಿಲ್ಲ, ಆಫೀಸಿನಲ್ಲಿ ಕೂತವರು ಮಾಡಿಕೊಡಬಹುದು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ, ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಆದರೆ ಗೇಟಿನ ಮುಂದೆ ಇಂಜಿನ್ ಆರಿಸಿ ನಿಂತಾಗ ಆ ಎಸಿ ನಡೆಯುವುದಿಲ್ಲ. ನಡೆಸಿದರೆ ಡೀಸೆಲ್ ಯಾರದು ಎಂಬ ಜಗಳ ಮತ್ತೆ ಟ್ರಿಪ್ ಶೀಟಿಗೇ ಬರುತ್ತದೆ.

ಉಳಿದಿರುವ ಕಷ್ಟ ಮಂಡಿಯದು. ಕಾರ್ಖಾನೆಯೊಂದಿಗೆ ಕರಾರು ಮಾಡಿಕೊಳ್ಳಬಹುದು. ಮಂಡಿಯಲ್ಲಿ ಬಾಡಿಗೆ ಆ ದಿನದ ಮಾತು, ಒಬ್ಬ ಹಾಲ್ಟಿಂಗ್ ಕೇಳಿದರೆ ಪಕ್ಕದ ಗಾಡಿ ಕೇಳದೆ ಬರುತ್ತದೆ. ಹಾಗಾಗಿ ಇದು ಒಬ್ಬಿಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಕೋಲಾರದ ಲಾರಿ ಮಾಲೀಕರು ಒಟ್ಟಾಗಿ, ಗಾಡಿಯನ್ನು ಮಧ್ಯಾಹ್ನಕ್ಕೆ ಮುಂಚೆ ಕರೆಸಿದರೆ ಇಷ್ಟು, ಸಂಜೆ ಇಂಥ ಗಂಟೆ ದಾಟಿದ ಮೇಲೂ ಲೋಡ್ ಆಗದಿದ್ದರೆ ಇಷ್ಟು ಎಂದು ದರ ಗೊತ್ತುಮಾಡಿ, ಟೊಮೆಟೊ ಸುಗ್ಗಿ ಶುರುವಾಗುವ ಜೂನ್‌ಗೆ ಮುಂಚೆಯೇ ಮಂಡಿಯವರ ಜೊತೆ ಎಪಿಎಂಸಿಯ ಮುಂದೆ ಕೂರಬೇಕು. ಸುಗ್ಗಿಯ ನಡುವೆ ಕೂತರೆ ಯಾರಿಗೂ ಪುರುಸೊತ್ತಿರುವುದಿಲ್ಲ, ಸುಗ್ಗಿ ಮುಗಿದ ಮೇಲೆ ಮಂಡಿಗೆ ಲಾರಿಯ ಅಗತ್ಯವೇ ಇರುವುದಿಲ್ಲ.